ವಿಧಾನ ವಿಭಾಗದಲ್ಲಿ ಕರ್ತರಿಯೋ ಕರ್ಮಣಿಯೋ: ಒಣಮೆಣಸಿನಕಾಯಿಯ ಪ್ರಯೋಗವೊಂದನ್ನು ಮುಂದಿಟ್ಟುಕೊಂಡು ಸಮಗ್ರ ಮಾರ್ಗದರ್ಶಿ

ಧಾರವಾಡ, ಹುಬ್ಬಳ್ಳಿ, ಹಾವೇರಿ ಕಡೆ ಕೃಷಿ, ಆಹಾರ ವಿಜ್ಞಾನ, ಜೀವವಿಜ್ಞಾನಗಳಲ್ಲಿ ಸಂಶೋಧನೆ ಮಾಡಿ ಅದನ್ನು ಕನ್ನಡದಲ್ಲಿ ಲೇಖನವಾಗಿ ಬರೆಯಲು ಕೂತವರಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಹಿರಿಯ ಮಾರ್ಗದರ್ಶಕರು "ವಿಧಾನದ ಭಾಗವೆಲ್ಲ ಕರ್ಮಣಿ ಪ್ರಯೋಗದಲ್ಲೇ ಇರಲಿ, ನಾವು-ನಾನು ಎಲ್ಲೂ ಬರಬಾರದು" ಎನ್ನುತ್ತಾರೆ. ಈಚಿನ ಇಂಗ್ಲಿಷ್ ಪತ್ರಿಕೆಗಳ ಸೂಚನೆ ಓದಿದವರು "ಎಲ್ಲವನ್ನೂ ಕರ್ತರಿಗೆ ತಿರುಗಿಸಿ" ಎನ್ನುತ್ತಾರೆ. ಎರಡನ್ನೂ ಇಡೀ ವಿಭಾಗಕ್ಕೆ ಒಂದೇ ಸಲ ಅನ್ವಯಿಸಲು ಹೋದರೆ ಲೇಖನ ಕೆಡುತ್ತದೆ. ಕರ್ತರಿ-ಕರ್ಮಣಿಯ ಆಯ್ಕೆ ವಿಭಾಗಕ್ಕೆ ಒಂದಲ್ಲ, ಕ್ರಿಯಾಪದಕ್ಕೆ ಒಂದು.

ಪ್ರತಿ ಕ್ರಿಯಾಪದದ ಮುಂದೆ ನಿಂತು ಕೇಳಬೇಕಾದ್ದು ಇಷ್ಟೇ: ಈ ಕೆಲಸವನ್ನು ಬೇರೊಬ್ಬರು ಮಾಡಿದ್ದರೆ ಫಲಿತಾಂಶ ಬದಲಾಗಬಹುದಿತ್ತೇ? ಬದಲಾಗಬಹುದಿತ್ತು ಎಂದಾದರೆ ಮಾಡಿದವರು ವಾಕ್ಯದಲ್ಲಿ ಕಾಣಲೇಬೇಕು, ಅಂದರೆ ಕರ್ತರಿ. ಯಾರು ಮಾಡಿದರೂ ಅಷ್ಟೇ ಎಂದಾದರೆ ಕರ್ಮಣಿ ಸಾಕು, ಅಲ್ಲಿ ಕರ್ತೃವನ್ನು ತಂದು ಕೂರಿಸುವುದು ಓದುಗರ ಗಮನವನ್ನು ಸುಮ್ಮನೆ ಎಳೆಯುತ್ತದೆ.

ಇದನ್ನು ಒಂದು ಉದಾಹರಣೆಯ ಮೇಲೆ ನೋಡೋಣ. ಬ್ಯಾಡಗಿ ಮೆಣಸಿನಕಾಯಿಯನ್ನು ಮಣ್ಣಿನ ಕಣದ ಮೇಲೆ ಒಣಗಿಸಿದರೆ ಬಣ್ಣ ಹೆಚ್ಚು ಉಳಿಯುತ್ತದೋ ಟಾರ್ಪಾಲಿನ ಮೇಲೆ ಒಣಗಿಸಿದರೋ ಎಂದು ಪರೀಕ್ಷಿಸುವ ಪ್ರಯೋಗ ಅಂದುಕೊಳ್ಳಿ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಹಾಗಾಗಿ ಬಣ್ಣ ಅಳೆದ ಬಗೆಯಲ್ಲಿ ಅನುಮಾನ ಉಳಿದರೆ ಲೇಖನವೇ ನಿಲ್ಲುವುದಿಲ್ಲ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು.

ಮೊದಲು: ಕಳಿಸಲಿರುವ ಪತ್ರಿಕೆ ಏನು ಹೇಳುತ್ತದೆ

ಬರೆಯುವ ಮುಂಚೆಯೇ ಪತ್ರಿಕೆಯ ಲೇಖಕರ ಸೂಚನೆಯನ್ನು, ಪ್ರಬಂಧವಾದರೆ ವಿಶ್ವವಿದ್ಯಾಲಯದ ನಿಯಮವನ್ನು ಓದಿಕೊಳ್ಳಿ. ನೇಚರ್ ಬಳಗದ ಪತ್ರಿಕೆಗಳು ಕರ್ತರಿಯೇ ತಮಗೆ ಇಷ್ಟ ಎಂದು ಸೂಚನೆಯಲ್ಲಿ ಬರೆದಿವೆ. ಅಮೆರಿಕದ ಮನೋವಿಜ್ಞಾನ ಸಂಘದ ಬರವಣಿಗೆ ನಿಯಮ ಎರಡನ್ನೂ ಒಪ್ಪುತ್ತದೆ, ಆದಷ್ಟು ಕರ್ತರಿ ಇರಲಿ ಎನ್ನುತ್ತದೆ. ಕನ್ನಡದಲ್ಲಿ ಇಷ್ಟು ಬಿಡಿಸಿ ಹೇಳುವ ಸೂಚನೆ ಅಪರೂಪ. ಆಗ ಅದೇ ಪತ್ರಿಕೆಯ ಇತ್ತೀಚಿನ ಎರಡು-ಮೂರು ಸಂಚಿಕೆ ತೆರೆದು, ಪ್ರಕಟವಾದ ಲೇಖನಗಳ ವಿಧಾನದ ಭಾಗದಲ್ಲಿ "ಮಾಡಿದೆವು" ಎಂಬ ರೂಪ ಎಲ್ಲಾದರೂ ಬಂದಿದೆಯೇ ನೋಡಿ. ಒಂದು ಕಡೆ ಬಂದಿದ್ದರೂ ನಿಮಗೆ ದಾರಿ ಇದೆ. ಎಲ್ಲೂ ಇಲ್ಲದಿದ್ದರೆ ಮೂರನೇ ಪುರುಷದಲ್ಲಿ "ಲೇಖಕರಲ್ಲಿ ಒಬ್ಬರು ಅಳೆದರು" ಎಂದು ಬರೆಯಬಹುದು. ಅದೂ ಕರ್ತರಿಯೇ, "ನಾವು" ಬೇಡ ಎನ್ನುವವರೂ ಅದನ್ನು ಆಕ್ಷೇಪಿಸುವುದು ಕಡಿಮೆ.

ನಮ್ಮ ಕೈಯಲ್ಲಿರುವುದು ಎರಡಲ್ಲ, ಮೂರು ರೂಪ

ಶಾಲೆಯಲ್ಲಿ ಕಲಿತ ಕರ್ಮಣಿ ಎಂದರೆ "ರಾಮನಿಂದ ರಾವಣನು ಕೊಲ್ಲಲ್ಪಟ್ಟನು". ಈ "ಅಲ್ಪಡು" ರೂಪವನ್ನು ವಿಧಾನದ ಭಾಗದಲ್ಲಿ ಬಹುಮಟ್ಟಿಗೆ ಬಿಟ್ಟುಬಿಡಿ. "ಕಾಯಿಗಳು ತೂಗಲ್ಪಟ್ಟವು", "ಪುಡಿಯು ನೆನೆಸಲ್ಪಟ್ಟಿತು" ಎಂದು ಓದಿದರೆ ನಾಲಿಗೆ ತಡವರಿಸುತ್ತದೆ, ಹೊಸ ಮಾಹಿತಿಯೇನೂ ಸಿಗುವುದಿಲ್ಲ. ನಿಜವಾಗಿ ಬಳಕೆಯಲ್ಲಿರುವುದು "ಲಾಯಿತು" ರೂಪ: "ಕಾಯಿಗಳನ್ನು ತೂಗಲಾಯಿತು". ಇದರಲ್ಲಿ ಕರ್ಮಪದಕ್ಕೆ "ಅನ್ನು" ಹಾಗೇ ಉಳಿಯುತ್ತದೆ, ಕ್ರಿಯಾಪದ ಯಾವಾಗಲೂ ನಪುಂಸಕಲಿಂಗ ಏಕವಚನದಲ್ಲೇ ಇರುತ್ತದೆ. "ಕಾಯಿಗಳು ತೂಗಲಾದವು" ಎಂದು ಎರಡು ರೂಪಗಳನ್ನು ಬೆರೆಸುವುದು ಹಸ್ತಪ್ರತಿಗಳಲ್ಲಿ ಕಾಣುವ ಸಾಮಾನ್ಯ ತಪ್ಪು.

ಕರ್ತರಿಯಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. "ತೂಗಿದೆವು" ಎಂದರೆ ಸಾಕು, ಯಾರು ಎಂಬುದು ಕ್ರಿಯಾಪದದ ಕೊನೆಯಲ್ಲೇ ಇದೆ. ಇಂಗ್ಲಿಷಿನಲ್ಲಿ ಕರ್ತರಿ ಬರೆದರೆ ವಾಕ್ಯಕ್ಕೊಂದು "ನಾವು" ಬಂದು ಸಾಲುಸಾಲಾಗಿ ನಿಲ್ಲುತ್ತದೆ, ಲೇಖಕರು ತಮ್ಮನ್ನೇ ಮುಂದೆ ಮಾಡಿಕೊಂಡಂತೆ ಕಾಣುತ್ತದೆ ಎಂಬ ಆಕ್ಷೇಪ ಅಲ್ಲಿ ಬರುವುದು ಅದಕ್ಕೇ. ಕನ್ನಡದಲ್ಲಿ "ನಾವು" ಬರೆಯದೆಯೇ ಕರ್ತರಿ ಬರೆಯಬಹುದಾದ್ದರಿಂದ ಆ ಆಕ್ಷೇಪ ಇಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಮೂರನೆಯದು ಕೆಲಸ ತಾನಾಗಿ ನಡೆಯಿತು ಎನ್ನುವ ರೂಪ: ಒಣಗಿತು, ಕರಗಿತು, ಇಳಿಯಿತು, ಮೊಳೆಯಿತು. ಇವಕ್ಕೆ ಕರ್ಮಪದ ಇಲ್ಲ, ಮಾಡುವವರೂ ಇಲ್ಲ. ವಿಧಾನದ ಭಾಗದಲ್ಲಿ ಅತಿ ದೊಡ್ಡ ತಪ್ಪುಗಳು ಆಗುವುದು ಕರ್ತರಿ-ಕರ್ಮಣಿಗಳ ನಡುವೆ ಅಲ್ಲ, ಈ ಮೂರನೇ ರೂಪ ಮತ್ತು "ಲಾಯಿತು" ನಡುವೆ. "ತೇವಾಂಶ ಶೇ. 10ಕ್ಕೆ ಇಳಿಯಿತು" ಎಂದರೆ 10 ಎಂಬುದು ಪ್ರಯೋಗದಲ್ಲಿ ಕಂಡ ಸಂಗತಿ. "ತೇವಾಂಶವನ್ನು ಶೇ. 10ಕ್ಕೆ ಇಳಿಸಲಾಯಿತು" ಎಂದರೆ 10 ಎಂಬುದು ಮೊದಲೇ ಇಟ್ಟುಕೊಂಡ ಗುರಿ, ಅಲ್ಲಿಗೆ ಮುಟ್ಟುವ ತನಕ ಒಣಗಿಸಿದ್ದೀರಿ. ಮೊದಲನೆಯದು ಫಲಿತಾಂಶದ ಭಾಗಕ್ಕೆ ಸೇರಬೇಕು, ಎರಡನೆಯದು ವಿಧಾನಕ್ಕೆ. ಅದೇ ರೀತಿ "ಆರು ಗಿಡ ಒಣಗಿಹೋದವು" ಎಂಬುದಕ್ಕೂ "ಆರು ಗಿಡಗಳನ್ನು ಕಿತ್ತುಹಾಕಲಾಯಿತು" ಎಂಬುದಕ್ಕೂ ಅಂಕಿ ಒಂದೇ, ಆದರೆ ಒಂದರಲ್ಲಿ ಗಿಡ ಸತ್ತಿದೆ, ಇನ್ನೊಂದರಲ್ಲಿ ನೀವು ಲೆಕ್ಕದಿಂದ ತೆಗೆದಿದ್ದೀರಿ. ವಿಮರ್ಶಕರು ಮೊದಲು ಬೆರಳಿಡುವುದು ಇಂಥ ಕಡೆಯೇ.

ಕೆಲಸಗಳನ್ನು ಸಾಲಿಗೊಂದರಂತೆ ಬರೆದುಕೊಳ್ಳುವುದು

ಪೂರ್ತಿ ವಾಕ್ಯ ಬರೆಯುವ ಮೊದಲು ಪ್ರಯೋಗದ ನೋಟ್‌ಬುಕ್ ತೆರೆದು, ನಡೆದ ಕೆಲಸಗಳನ್ನು ಬರಿಯ ಕ್ರಿಯಾಪದಗಳಾಗಿ ಪಟ್ಟಿ ಮಾಡಿ: ರೈತರನ್ನು ಆರಿಸುವುದು, ಕೊಯ್ಯುವುದು, ಕೆಟ್ಟ ಕಾಯಿ ತೆಗೆಯುವುದು, ಪಾಲು ಮಾಡುವುದು, ಯಾವ ಪಾಲು ಎಲ್ಲಿಗೆ ಎಂದು ನಿರ್ಧರಿಸುವುದು, ಹರಡುವುದು, ತಿರುವುವುದು, ತೇವಾಂಶ ಅಳೆಯುವುದು, ನಿಲ್ಲಿಸುವುದು, ಕಣ್ಣಂದಾಜಿನಲ್ಲಿ ದರ್ಜೆ ಕಟ್ಟುವುದು, ಪುಡಿ ಮಾಡುವುದು, ಅಸಿಟೋನ್‌ನಲ್ಲಿ ನೆನೆಸುವುದು, ಉಪಕರಣದಲ್ಲಿ ಅಳೆಯುವುದು. ಪ್ರತಿಯೊಂದರ ಮುಂದೆ ಮಾಡಿದವರು ಯಾರು ಎಂದು ಬರೆಯಿರಿ. ಲೇಖನದಲ್ಲಿ ಬರುತ್ತದೋ ಇಲ್ಲವೋ, ಪಟ್ಟಿಯಲ್ಲಂತೂ ಇರಲಿ. ಯಾವುದಾದರೂ ಕೆಲಸದ ಮುಂದೆ ಹೆಸರು ಬರೆಯಲು ಆಗದಿದ್ದರೆ ಅದು ಭಾಷೆಯ ಸಮಸ್ಯೆಯಲ್ಲ, ದಾಖಲೆಯ ಸಮಸ್ಯೆ. ಕರ್ಮಣಿಯಲ್ಲಿ ಬರೆದು ಮುಚ್ಚುವ ಮುಂಚೆ ತಂಡದವರನ್ನು ಕೇಳಿ ತುಂಬಿಸಿ.

ಈಗ ಆ ಪ್ರಶ್ನೆಯನ್ನು ಹಾಕಿ ನೋಡಿ. ಪುಡಿ ಮಾಡುವುದು, ತೂಗುವುದು, ನೆನೆಸುವುದು ಯಾರ ಕೈಯಲ್ಲಾದರೂ ಒಂದೇ. ಅಳತೆ, ಸಮಯ, ಉಷ್ಣತೆ ಬರೆದರೆ ಸಾಕು. ಕೆಟ್ಟ ಕಾಯಿ ತೆಗೆಯುವುದು ಹಾಗಲ್ಲ. ಬಿಳಿಚಿದ ಕಾಯಿ ಕೆಟ್ಟದ್ದೋ ಅಲ್ಲವೋ ಎಂಬುದರಲ್ಲಿ ಇಬ್ಬರು ಒಪ್ಪದೇ ಇರಬಹುದು, ಮತ್ತು ನಿಮ್ಮ ಪ್ರಯೋಗ ಬಣ್ಣದ ಮೇಲೆಯೇ ನಡೆದಿದೆ. ಯಾವ ಪಾಲು ಕಣಕ್ಕೆ ಎಂದು ನಿರ್ಧರಿಸಿದವರು, ಕಣ್ಣಂದಾಜಿನಲ್ಲಿ ದರ್ಜೆ ಕಟ್ಟಿದವರು ಕಾಣಲೇಬೇಕು. ತಿರುವಿದ್ದು ಕೂಡ: ರೈತರು ತಮ್ಮ ರೂಢಿಯಂತೆ ತಿರುವಿದರೆ ಒಬ್ಬರು ದಿನಕ್ಕೊಮ್ಮೆ, ಇನ್ನೊಬ್ಬರು ಎರಡು ಸಲ ತಿರುವಿರಬಹುದು, ಒಣಗುವ ವೇಗ ಬದಲಾಗುತ್ತದೆ.

ವೈದ್ಯಕೀಯ ಪ್ರಯೋಗ ಮಾಡುವವರಿಗೆ ಈ ಭಾಗ ಕಡ್ಡಾಯವೇ ಆಗಿದೆ. ಚಿಕಿತ್ಸಾ ಪ್ರಯೋಗಗಳ ವರದಿಗಾಗಿ ಇರುವ ಕನ್ಸಾರ್ಟ್ ಪಟ್ಟಿಯ 2010ರ ಆವೃತ್ತಿ, ಯಾದೃಚ್ಛಿಕ ಕ್ರಮವನ್ನು ತಯಾರಿಸಿದವರು ಯಾರು, ರೋಗಿಗಳನ್ನು ಸೇರಿಸಿಕೊಂಡವರು ಯಾರು, ಅವರನ್ನು ಚಿಕಿತ್ಸೆಯ ಗುಂಪಿಗೆ ಹಚ್ಚಿದವರು ಯಾರು ಎಂದು ಬಿಡಿಬಿಡಿಯಾಗಿ ಕೇಳುತ್ತದೆ. "ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು" ಎಂಬ ವಾಕ್ಯ ಆ ಮೂರರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ಕ್ರಮವನ್ನು ತಯಾರಿಸಿದವರೇ ರೋಗಿಗಳನ್ನು ಸೇರಿಸಿಕೊಂಡಿದ್ದರೆ, ಮುಂದಿನ ರೋಗಿಗೆ ಯಾವ ಚಿಕಿತ್ಸೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಅದನ್ನು ಓದುಗರು ಅಳೆಯಬೇಕಾದರೆ ಕರ್ತೃ ಬೇಕು.

"ಇಂದ" ಎಂಬ ವಿಭಕ್ತಿ ಕೊಡುವ ತೊಂದರೆ

ಕರ್ಮಣಿಯಲ್ಲಿ ಕರ್ತೃವನ್ನು ಹೇಳಲು ಕೆಲವರು "ಇಂದ" ಬಳಸುತ್ತಾರೆ. ಆದರೆ ಕನ್ನಡದಲ್ಲಿ ಇದೇ ವಿಭಕ್ತಿ ಮಾಡಿದವರಿಗೂ, ಬಳಸಿದ ಸಾಧನಕ್ಕೂ, ವಸ್ತು ಬಂದ ಮೂಲಕ್ಕೂ ದುಡಿಯುತ್ತದೆ. "ನಾಲ್ವರು ರೈತರಿಂದ ಕಾಯಿಗಳನ್ನು ಸಂಗ್ರಹಿಸಲಾಯಿತು" ಎಂಬ ವಾಕ್ಯ ನೋಡಿ. ರೈತರೇ ಕಾಯಿ ಕೊಯ್ದು ಸಂಗ್ರಹಿಸಿದರೋ, ನೀವು ಹೋಗಿ ರೈತರ ಹತ್ತಿರ ಪಡೆದಿರೋ? ವ್ಯಾಕರಣ ಎರಡನ್ನೂ ಒಪ್ಪುತ್ತದೆ. ರೈತರು ತಾವೇ ಆರಿಸಿ ಕೊಟ್ಟಿದ್ದರೆ ಒಳ್ಳೆಯ ಕಾಯಿಯನ್ನೇ ಕೊಟ್ಟಿರುವ ಸಾಧ್ಯತೆ ಇದೆ. ಇದನ್ನು ಸರಿಪಡಿಸುವ ದಾರಿ ಒಂದೇ: ಮಾಡಿದವರಿದ್ದರೆ ಕರ್ತರಿಗೆ ತಿರುಗಿಸಿ "ರೈತರು ಆರಿಸಿ ಕೊಟ್ಟರು" ಎನ್ನಿ, ಮೂಲವಾದರೆ "ರೈತರ ಹೊಲಗಳಲ್ಲಿ" ಎಂದು ಸ್ಥಳವಾಗಿ ಬರೆಯಿರಿ. ಸಾಧನಕ್ಕೆ "ಬಳಸಿ" ಹಾಕಿದರೆ ಗೊಂದಲವೇ ಇಲ್ಲ.

"ಪ್ರಸ್ತುತ ಸಂಶೋಧಕರಿಂದ ಅಳೆಯಲ್ಪಟ್ಟಿತು" ಎಂಬುದು ಇದೇ ಜಾತಿಯದು. ಕರ್ತೃವನ್ನು ಹೇಳುವುದೇ ಆದರೆ ಕರ್ಮಣಿ ಯಾಕೆ ಬೇಕು? ಬರಿಯ "ಸಂಶೋಧಕರು" ಎಂಬ ಪದವೂ ಅಪಾಯದ್ದೇ, ಅದು ನೀವೋ ಹಿಂದಿನ ಅಧ್ಯಯನ ಮಾಡಿದವರೋ ಎಂದು ಓದುಗರು ನಿಲ್ಲಬೇಕಾಗುತ್ತದೆ. ಒಬ್ಬರೇ ಬರೆದ ಲೇಖನದಲ್ಲಿ "ಅಳೆದೆವು" ಎಂದು ಬರೆದರೆ ಇನ್ನೂ ಕೆಲವರು ಜೊತೆಗಿದ್ದರು ಎಂಬ ಅರ್ಥ ಬರುತ್ತದೆ. ಅಲ್ಲಿ "ಲೇಖಕರು ಒಬ್ಬರೇ ಅಳೆದರು" ಎನ್ನುವುದೇ ನಿಖರ.

ಸರಣಿ ವಾಕ್ಯ ಕಟ್ಟುವಾಗ

ಕೊಯ್ದು, ತೊಳೆದು, ಒಣಗಿಸಿ ಎಂದು ಕೃದಂತಾವ್ಯಯಗಳನ್ನು ಪೋಣಿಸಿ ಕೊನೆಗೊಂದು "ಲಾಯಿತು" ಹಾಕುವುದು ಕನ್ನಡಕ್ಕೆ ಸಹಜ, ವಿಧಾನದ ಭಾಗಕ್ಕೆ ಹೇಳಿ ಮಾಡಿಸಿದ್ದು. ಸಾಲಿಗೊಂದು "ಲಾಯಿತು" ಬರುವ ಏಕತಾನತೆ ಇದರಿಂದ ತಪ್ಪುತ್ತದೆ. ಆದರೆ ಈ ಸರಣಿಗೆ ಒಂದು ಷರತ್ತಿದೆ: ಎಲ್ಲ ಕೆಲಸಗಳ ಕರ್ತೃ ಒಂದೇ ಇರಬೇಕು. "ಕಾಯಿಗಳನ್ನು ಕೊಯ್ದು, ಹರಡಿ, ದಿನವೂ ತಿರುವಿ, ದರ್ಜೆ ಕಟ್ಟಲಾಯಿತು" ಎಂದರೆ ಕೊಯ್ದವರೇ ದರ್ಜೆಯನ್ನೂ ಕಟ್ಟಿದರು ಎಂದಾಗುತ್ತದೆ. ಹಾಗಾದರೆ ಅವರಿಗೆ ಯಾವ ಕಾಯಿ ಎಲ್ಲಿ ಒಣಗಿದ್ದು ಎಂದು ಗೊತ್ತಿತ್ತು, ದರ್ಜೆ ನಿಷ್ಪಕ್ಷಪಾತವಲ್ಲ ಎಂಬ ತೀರ್ಮಾನಕ್ಕೆ ವಿಮರ್ಶಕರು ಬರುತ್ತಾರೆ. ನಿಮ್ಮ ಪ್ರಯೋಗದಲ್ಲಿ ಬೇರೆಯವರೇ ದರ್ಜೆ ಕಟ್ಟಿದ್ದರೂ ವಾಕ್ಯ ಅದನ್ನು ಕೆಡಿಸಿತು. ಕರ್ತೃ ಬದಲಾದಲ್ಲಿ ವಾಕ್ಯ ಮುಗಿಸಿ ಹೊಸದನ್ನು ಶುರುಮಾಡಿ.

ತಾನಾಗಿ ನಡೆದದ್ದನ್ನು ಈ ಸರಣಿಗೆ ಸೇರಿಸಿದರೂ ವಾಕ್ಯ ಮುರಿಯುತ್ತದೆ. "ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ ದ್ರಾವಣ ಕೆಂಪಾಯಿತು" ಎಂಬಲ್ಲಿ ನೆನೆಸಿದ್ದು ಮನುಷ್ಯರು, ಕೆಂಪಾದದ್ದು ದ್ರಾವಣ. "ನೆನೆಸಿದಾಗ ದ್ರಾವಣ ಕೆಂಪಾಯಿತು" ಎಂದರೆ ಸರಿ.

ಒಂದು ಪ್ಯಾರಾವನ್ನು ತಿದ್ದಿ ನೋಡುವುದು

ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

"ಬ್ಯಾಡಗಿ ತಾಲ್ಲೂಕಿನ ನಾಲ್ವರು ರೈತರಿಂದ ಕಡ್ಡಿ ತಳಿಯ ಕಾಯಿಗಳನ್ನು ಸಂಗ್ರಹಿಸಲಾಯಿತು. ಕೆಟ್ಟ ಕಾಯಿಗಳನ್ನು ತೆಗೆಯಲಾಯಿತು. ಉಳಿದವುಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಕಣ ಹಾಗೂ ಟಾರ್ಪಾಲಿನ ಮೇಲೆ ಒಣಗಿಸಿ, ತೇವಾಂಶ ಶೇ. 10ಕ್ಕೆ ಇಳಿಯಿತು. ಕೆಲವು ಕಾಯಿಗಳನ್ನು ಪರಿಗಣಿಸಲಾಗಿಲ್ಲ. ಬಣ್ಣದ ದರ್ಜೆಯನ್ನು ನಿಗದಿಪಡಿಸಲಾಯಿತು. ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಲಾಗುತ್ತದೆ ಮತ್ತು ಸ್ಪೆಕ್ಟ್ರೋಫೋಟೋಮೀಟರ್‌ನಿಂದ ಅಳೆಯಲ್ಪಡುತ್ತದೆ."

ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿದ ಮೇಲೆ:

"ಬ್ಯಾಡಗಿ ತಾಲ್ಲೂಕಿನ ನಾಲ್ವರು ರೈತರ ಹೊಲಗಳಲ್ಲಿ ಕಡ್ಡಿ ತಳಿಯ ಪೂರ್ತಿ ಹಣ್ಣಾದ ಕಾಯಿಗಳನ್ನು ಲೇಖಕರಲ್ಲಿ ಇಬ್ಬರು ಒಂದೇ ದಿನ ಕೊಯ್ದರು. ಮೇಲ್ಮೈಯ ಕಾಲು ಭಾಗಕ್ಕಿಂತ ಹೆಚ್ಚು ಕೊಳೆತ ಅಥವಾ ಬಿಳಿಚಿದ ಕಾಯಿಗಳನ್ನು ಇದೇ ಇಬ್ಬರು ಆರಿಸಿ ತೆಗೆದರು. ಉಳಿದವುಗಳಲ್ಲಿ ಪ್ರತಿ ಹೊಲಕ್ಕೆ 20 ಕಿಲೋ ತೂಗಿ, 10 ಕಿಲೋದ ಎರಡು ಪಾಲು ಮಾಡಲಾಯಿತು. ಯಾವ ಪಾಲು ಕಣಕ್ಕೆ, ಯಾವುದು ಟಾರ್ಪಾಲಿಗೆ ಎಂಬುದನ್ನು ಕೊಯ್ಲಿನಲ್ಲಿ ಇರದ ಮೂರನೇ ಲೇಖಕರು ಚೀಟಿ ಎತ್ತಿ ನಿರ್ಧರಿಸಿದರು. ರೈತರು ಎರಡೂ ಪಾಲುಗಳನ್ನು ದಿನಕ್ಕೆ ಒಮ್ಮೆ ತಿರುವಿದರು. ತೇವಾಂಶವನ್ನು ಪ್ರತಿ ಸಂಜೆ ಅಳೆಯಲಾಯಿತು, ಅದು ಶೇ. 10ಕ್ಕೆ ಇಳಿದ ದಿನ ಆ ಪಾಲನ್ನು ಒಣಗಿಸುವುದನ್ನು ನಿಲ್ಲಿಸಿದೆವು. ಒಂದು ಹೊಲದ ಕಣದ ಪಾಲಿನಲ್ಲಿ 300 ಗ್ರಾಂ ಕಾಯಿಗೆ ಬೂಷ್ಟು ಹಿಡಿಯಿತು. ಅದನ್ನು ಬಣ್ಣದ ಪರೀಕ್ಷೆಯಿಂದ ಹೊರಗಿಟ್ಟೆವು. ಕಣ್ಣಂದಾಜಿನ ದರ್ಜೆಯನ್ನು ಮಾರುಕಟ್ಟೆಯಲ್ಲಿ ಈ ಕೆಲಸ ಮಾಡುವ ಇಬ್ಬರು ಕಟ್ಟಿದರು. ಯಾವ ಕಾಯಿ ಎಲ್ಲಿ ಒಣಗಿದ್ದು ಎಂದು ಅವರಿಗೆ ತಿಳಿಸಿರಲಿಲ್ಲ. ಪ್ರತಿ ಪಾಲಿನ 100 ಮಿಲಿಗ್ರಾಂ ಪುಡಿಗೆ ಅಸಿಟೋನ್ ಸೇರಿಸಿ 100 ಮಿಲಿಲೀಟರ್ ಮಾಡಿ, ಕತ್ತಲಲ್ಲಿ 16 ಗಂಟೆ ಇಡಲಾಯಿತು. ಸ್ಪೆಕ್ಟ್ರೋಫೋಟೋಮೀಟರ್ ಬಳಸಿ 460 ನ್ಯಾನೋಮೀಟರ್‌ನಲ್ಲಿ ದ್ರಾವಣ ಹೀರಿದ ಬೆಳಕನ್ನು ಅಳೆಯಲಾಯಿತು."

ಕರ್ಮಣಿ ಹೋಗಿಲ್ಲ ನೋಡಿ. ಪಾಲು ಮಾಡುವಲ್ಲಿ, ತೇವಾಂಶ ಅಳೆಯುವಲ್ಲಿ, ಅಸಿಟೋನ್‌ನ ಕೆಲಸದಲ್ಲಿ ಅದೇ ಇದೆ, ಅಲ್ಲಿ ಅದೇ ಸರಿ. ಬಣ್ಣ ಅಳೆಯುವ ಈ ಕ್ರಮ ಮಸಾಲೆ ವ್ಯಾಪಾರದಲ್ಲಿ ಆಸ್ಟಾ ಮೌಲ್ಯ ಎಂದು ಕರೆಯುವ ಅಳತೆಯದು. ಕ್ರಮ ಗೊತ್ತುಮಾಡಿದ್ದು, ಉಪಕರಣವೇ ಅಂಕಿ ಕೊಡುತ್ತದೆ, ಮಾಡಿದವರ ಹೆಸರು ಏನನ್ನೂ ಸೇರಿಸುವುದಿಲ್ಲ. ಕರ್ತರಿ ಬಂದದ್ದು ಆಯ್ಕೆ, ನಿರ್ಧಾರ, ಕಣ್ಣಂದಾಜು ಇದ್ದಲ್ಲಿ ಮಾತ್ರ. ಬೂಷ್ಟಿನ ವಾಕ್ಯದಲ್ಲಿ ಎರಡು ರೂಪ ಒಟ್ಟಿಗೆ ಇವೆ: ಬೂಷ್ಟು ತಾನಾಗಿ ಹಿಡಿಯಿತು, ಹೊರಗಿಟ್ಟವರು ನಾವು. ಕರಡಿನ "ಪರಿಗಣಿಸಲಾಗಿಲ್ಲ" ಎಂಬ ಪದ ಈ ಎರಡನ್ನೂ ನುಂಗಿಬಿಟ್ಟಿತ್ತು. ಕರ್ತೃವನ್ನು ಹುಡುಕಲು ಹೊರಟಾಗ ಎಷ್ಟು ಕಾಯಿ, ಯಾಕೆ ಎಂಬುದೂ ಹೊರಬಂತು. ಪ್ಯಾರಾ ಉದ್ದವಾಯಿತು ನಿಜ, ಆದರೆ ಬೆಳೆದದ್ದು ಕರ್ತರಿಯಿಂದಲ್ಲ, ಕರಡಿನಲ್ಲಿ ಇರದ ಮಾಹಿತಿಯಿಂದ.

ಕರಡಿನ ಕೊನೆಯ ವಾಕ್ಯದಲ್ಲಿ ಕಾಲವೂ ಜಾರಿತ್ತು. "ನೆನೆಸಲಾಗುತ್ತದೆ" ಎಂದರೆ ಎಲ್ಲರೂ ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ ಎಂಬ ಅರ್ಥ, ನೀವು ಮಾಡಿದಿರೋ ಇಲ್ಲವೋ ತಿಳಿಯದು. ಮಾಡಿದ ಕೆಲಸಕ್ಕೆ "ಲಾಯಿತು". "ಲಾಗಿದೆ" ಎಂಬುದನ್ನು ಲೇಖನದಲ್ಲಿ ಈಗಲೂ ಓದುಗರ ಕಣ್ಣ ಮುಂದಿರುವುದಕ್ಕೆ ಉಳಿಸಿಕೊಳ್ಳಿ: "ಅಂಕಿಗಳನ್ನು ಕೋಷ್ಟಕ 2ರಲ್ಲಿ ಕೊಡಲಾಗಿದೆ".

ಕೊನೆಯ ತಪಾಸಣೆ

ಕಂಪ್ಯೂಟರಿನಲ್ಲಿ ಹುಡುಕುವ ಸೌಲಭ್ಯ ತೆರೆದು `ಲ್ಪಟ್ಟ` ಮತ್ತು `ಲ್ಪಡು` ಎಂದು ಕೊಡಿ, ಸಿಕ್ಕಿದ್ದನ್ನೆಲ್ಲ ಸಾಧ್ಯವಾದಷ್ಟು "ಲಾಯಿತು"ಗೋ ಕರ್ತರಿಗೋ ತಿರುಗಿಸಿ. ಆಮೇಲೆ `ರಿಂದ` ಎಂದು ಹುಡುಕಿ, ಅದು ಮನುಷ್ಯರಿಗೆ ಅಂಟಿದ ಕಡೆಯೆಲ್ಲ ಮಾಡಿದವರೋ ಮೂಲವೋ ಎಂದು ನೋಡಿ. ಕೊನೆಗೆ `ಲಾಯಿತು` ಎಂದು ಹುಡುಕುತ್ತ ಒಂದೊಂದರ ಹತ್ತಿರ ನಿಂತು ಅದೇ ಪ್ರಶ್ನೆ ಹಾಕಿ. ಆರಿಸು, ವಿಂಗಡಿಸು, ನಿರ್ಧರಿಸು, ಹೊರಗಿಡು, ಪರಿಗಣಿಸು, ಅಂದಾಜಿಸು ಎಂಬ ಕ್ರಿಯಾಪದಗಳಿಗೆ "ಲಾಯಿತು" ಅಂಟಿದ್ದರೆ ಬಹುತೇಕ ಅದು ತಪ್ಪು ಜಾಗ.

ಆಮೇಲೆ ಪ್ರಯೋಗದಲ್ಲಿ ಇರದ ಸಹೋದ್ಯೋಗಿಯೊಬ್ಬರಿಗೆ ವಿಧಾನದ ಭಾಗವನ್ನಷ್ಟೇ ಕೊಟ್ಟು, ಪ್ರತಿ ವಾಕ್ಯದ ಪಕ್ಕ ಯಾರು ಮಾಡಿದ್ದು ಎಂದು ಪೆನ್ಸಿಲಿನಲ್ಲಿ ಬರೆಯಲು ಹೇಳಿ. ಅವರು ಬರೆದದ್ದು ನಿಮ್ಮ ಪಟ್ಟಿಗೆ ಹೊಂದದ ಕಡೆ ವಾಕ್ಯವನ್ನು ಬದಲಿಸಿ. ಅವರು ಖಾಲಿ ಬಿಟ್ಟ ಕಡೆ ಆ ಖಾಲಿಯಿಂದ ನಷ್ಟವಿಲ್ಲ ಎಂದಾದರೆ ಹಾಗೇ ಇರಲಿ.

ಲೇಖಕರ ಗುರುತು ಮರೆಮಾಡಿ ವಿಮರ್ಶೆಗೆ ಕಳಿಸುವ ಪತ್ರಿಕೆಗಳಿಗೆ ಕರ್ತರಿ ಅಡ್ಡಿಯಾಗುತ್ತದೆ ಎಂಬ ಅಂಜಿಕೆ ಬೇಡ. ಹೆಸರಿನ ಮೊದಲಕ್ಷರಗಳನ್ನು, ಸಂಸ್ಥೆಯ ಹೆಸರನ್ನು ತೆಗೆದು "ಮೊದಲ ಲೇಖಕರು", "ಮೂರನೇ ಲೇಖಕರು" ಎಂದಷ್ಟೇ ಉಳಿಸಿ. ಒಪ್ಪಿಗೆಯಾದ ಮೇಲೆ ಪತ್ರಿಕೆ ಬಯಸಿದರೆ ಮೊದಲಕ್ಷರಗಳನ್ನು ಮತ್ತೆ ಸೇರಿಸಬಹುದು.